ನುಚ್ಚು ಯಾಕೆ ಜಾಸ್ತಿ: ಗೋದಾಮಿನ ನೆಲದ ಮೇಲೆ ಬರೆದ ಮೀನಿನ ಮುಳ್ಳು

ಗಂಗಾವತಿ ಹತ್ತಿರ ಒಂದು ಅಕ್ಕಿ ಗಿರಣಿಯಲ್ಲಿ ಸೂಪರ್‌ವೈಸರ್ ಆಗಿದ್ದಾಗಿನ ಮಾತು. ಮುಂಗಾರು ಭತ್ತದ ಸೀಸನ್, ಡಿಸೆಂಬರ್ ತಿಂಗಳು. ಅಕ್ಕಿಯಲ್ಲಿ ನುಚ್ಚು ಜಾಸ್ತಿ ಬರ್ತಿದೆ ಅಂತ ವ್ಯಾಪಾರಿಗಳು ದರ ಕಡಿಮೆ ಮಾಡುತ್ತಿದ್ದರು. ಆಪರೇಟರ್ ಒಂದೇ ಮಾತು ಹೇಳುತ್ತಿದ್ದ: "ರಬ್ಬರ್ ರೋಲ್ ಸವೆದೈತ್ರಿ." ಭತ್ತದ ಸಿಪ್ಪೆ ಸುಲಿಯುವ ಆ ರೋಲ್ ಹೊಸದು ಹಾಕಿಸಿದೆವು. ಎರಡು ದಿನ ಚೆನ್ನಾಗಿತ್ತು, ಆಮೇಲೆ ಮತ್ತೆ ಅದೇ ಕಥೆ.

ಆಗ ಫಿಶ್‌ಬೋನ್ ಚಿತ್ರ ಬರೆಯೋಣ ಅಂದೆ: ಮೀನಿನ ತಲೆಯಲ್ಲಿ ಸಮಸ್ಯೆ, ಮುಳ್ಳುಗಳಲ್ಲಿ ಅದರ ಕಾರಣಗಳು. ಜಪಾನಿನ ಕಾವೊರು ಇಶಿಕಾವ ಅವರಿಂದ ಬಂದದ್ದು, ಕಾರ್ಖಾನೆ ತರಬೇತಿಯಲ್ಲಿ ಕಲಿತಿದ್ದೆ. ಗೋದಾಮಿನ ಸಿಮೆಂಟ್ ನೆಲದ ಮೇಲೆ ಚಾಕ್‌ಪೀಸಿನಲ್ಲಿ ಉದ್ದ ಬೆನ್ನುಮೂಳೆ ಎಳೆದೆ, ಬಲ ತುದಿಯಲ್ಲಿ ಮೀನಿನ ತಲೆ. ತಲೆಯಲ್ಲಿ "ನುಚ್ಚು ಜಾಸ್ತಿ" ಅಂತ ಬರೆದೆ. ತಪ್ಪಿದ್ದೇ ಅಲ್ಲಿ. ಅಷ್ಟು ಬರೆದರೆ ಯಾರು ಏನು ಬೇಕಾದರೂ ಹೇಳಬಹುದು, ಹೇಳಿದರು ಕೂಡ, ಅರ್ಧ ಗಂಟೆಯಲ್ಲಿ ನೆಲ ತುಂಬಿಹೋಯಿತು. ಒಬ್ಬರು "ಹೊಸ ಮಶಿನ್ ಇಲ್ಲ" ಅಂತ ಬರೆಸಿದರು. ಅದು ಕಾರಣ ಅಲ್ಲ, ಅವರ ಮನಸ್ಸಿನಲ್ಲಿದ್ದ ಪರಿಹಾರ.

ಎಲ್ಲ ಒರೆಸಿ, ಮೊದಲು ಹತ್ತು ದಿನ ಅಳೆದೆ. ದಿನಕ್ಕೆ ಮೂರು ಸಲ ಪಾಲಿಶರ್‌ನಿಂದ ಬಂದ ಅಕ್ಕಿ 100 ಗ್ರಾಂ ತೂಗಿ, ನುಚ್ಚು ಆರಿಸಿ ತೂಗಿ, ದಿನ ಮತ್ತು ಲಾಟ್ ಜೊತೆ ಬರೆದಿಟ್ಟೆ. ಉಳಿದ ದಿನ 12, 13 ಗ್ರಾಂ ಬರುತ್ತಿತ್ತು. ಸೋಮವಾರ, ಮಂಗಳವಾರ ಮಾತ್ರ 22ರ ಮೇಲೆ. ಹೊಸ ರೋಲ್ ಹಾಕಿಸಿದ್ದು ಗುರುವಾರ, ಅದಕ್ಕೇ ಎರಡು ದಿನ ಚೆನ್ನಾಗಿ ಕಂಡಿದ್ದು! ಈ ಸಲ ತಲೆಯಲ್ಲಿ "ಸೋಮವಾರ, ಮಂಗಳವಾರ 100 ಗ್ರಾಂಗೆ 22 ಗ್ರಾಂ ನುಚ್ಚು" ಅಂತ ಬರೆದೆ. ಬೆನ್ನುಮೂಳೆಗೆ ಆರು ಮುಳ್ಳು: ಜನ, ಯಂತ್ರ, ಭತ್ತ, ಕೆಲಸದ ರೀತಿ, ಅಳತೆ, ಹವಾಮಾನ.

ಈಗ ಮಾತೇ ಬೇರೆಯಾಯಿತು. ರೋಲ್ ಸವೆದಿದ್ದರೆ ಗುರುವಾರವೂ ಸವೆದಿರಬೇಕು, ಅಲ್ವಾ? ಹಾಗಾಗಿ ಯಂತ್ರದ ಮುಳ್ಳಿನಲ್ಲಿದ್ದ ಮುಕ್ಕಾಲು ಭಾಗ ತಾನಾಗಿಯೇ ಬಿದ್ದುಹೋಯಿತು. ಅಷ್ಟರಲ್ಲಿ ಹಮಾಲರಲ್ಲಿ ಹಿರಿಯರೊಬ್ಬರು ಹೇಳಿದರು: "ಶನಿವಾರ ಸಂಜಿಗೆ ನಾವು ಭತ್ತ ರಾಶಿ ಮಾಡಂಗಿಲ್ರಿ, ಹಂಗ ಹರವಿ ಬಿಟ್ಟು ಹೋಗ್ತೀವಿ. ಐತವಾರ ಸೂಟಿ ಐತಲ್ರಿ."

ನಾನು ಯಾಕೆ, ಆಮೇಲೆ ಯಾಕೆ ಅಂತ ಕೇಳುತ್ತಾ ಹೋದೆ. ಕಣದಲ್ಲಿ ಹರವಿದ ಭತ್ತ ಬಿಸಿಲಿಗೆ ಒಣಗಿರುತ್ತದೆ, ರಾತ್ರಿ ಇಬ್ಬನಿ ಬಿದ್ದು ಮೇಲ್ಪದರ ಮತ್ತೆ ತೇವ ಹೀರುತ್ತದೆ, ಬೆಳಿಗ್ಗೆ ಮತ್ತೆ ಬಿಸಿಲು. ಕಾಳಿನ ಹೊರಭಾಗ ಉಬ್ಬಿದಾಗ ಒಳಭಾಗ ಅದರ ಜೊತೆ ಉಬ್ಬುವುದಿಲ್ಲ, ಅಲ್ಲೇ ಕೂದಲೆಳೆಯಂಥ ಬಿರುಕು ಬೀಳುತ್ತದೆ. ಆ ಭತ್ತ ಸೋಮವಾರ, ಮಂಗಳವಾರ ಗಿರಣಿಗೆ ಬರುವ ಮುಂಚೆಯೇ ಕಾಳು ಒಳಗೆ ಒಡೆದಿರುತ್ತದೆ, ಮಶಿನ್ ಅದನ್ನು ಬೇರೆ ಮಾಡುತ್ತದೆ ಅಷ್ಟೇ. ಇದು ಜನ, ಕೆಲಸದ ರೀತಿ, ಹವಾಮಾನ ಮೂರು ಮುಳ್ಳಿನಲ್ಲೂ ಬಂತು. ಹೀಗೆ ಒಂದೇ ವಿಷಯ ಹಲವು ಮುಳ್ಳಿನಲ್ಲಿ ಕಂಡರೆ ನಾನು ಅದನ್ನೇ ಮೊದಲು ಪರೀಕ್ಷೆ ಮಾಡುತ್ತೇನೆ. ಅಳತೆಯ ಮುಳ್ಳೂ ಸೇರಿತು: ಮೀಟರ್‌ನಲ್ಲಿ ತೇವ ಶೇಕಡಾ 13.5 ಬರುತ್ತಿತ್ತು, ಸರಿಯಿದೆ ಅಂತ ಬಿಟ್ಟುಬಿಡುತ್ತಿದ್ದೆವು. ಮೀಟರ್ ಈಗಿನ ತೇವ ಹೇಳುತ್ತದೆ, ಬಿರುಕು ಹೇಳುವುದಿಲ್ಲ.

ಆದರೆ ಚಿತ್ರದಲ್ಲಿರುವುದೆಲ್ಲ ಊಹೆ. ಎಷ್ಟು ಜನ ಹೌದು ಅಂದರೂ ಅದು ಸಾಬೀತಾಗುವುದಿಲ್ಲ. ಸೋಮವಾರದ ಲಾಟಿನಿಂದ 100 ಕಾಳು ಕೈಯಲ್ಲೇ ಸಿಪ್ಪೆ ಸುಲಿದು, ಟಾರ್ಚ್ ಬೆಳಕಿಗೆ ಅಡ್ಡ ಹಿಡಿದು ನೋಡಿದೆ. ಅಡ್ಡಗೆರೆ ಬಿದ್ದ ಕಾಳು 31. ಗುರುವಾರದ ಲಾಟಿನಲ್ಲಿ 8. ಇನ್ನೊಂದು ಪರೀಕ್ಷೆ ಮಾಡಿದೆ: ಗುರುವಾರದ ಭತ್ತ ಎತ್ತಿಟ್ಟು ಸೋಮವಾರ ಅದೇ ಮಶಿನ್, ಅದೇ ಆಪರೇಟರ್ ಕೈಯಲ್ಲಿ ಆಡಿಸಿದೆ. ನುಚ್ಚು 13 ಗ್ರಾಂ. ಅಂದರೆ ಸೋಮವಾರಕ್ಕೂ ಮಶಿನ್ನಿಗೂ ಸಂಬಂಧ ಇಲ್ಲ.

ಶನಿವಾರ ನಾಲ್ಕಕ್ಕೇ ರಾಶಿ ಮಾಡಿ ತಾಡಪಾಲು ಹೊದಿಸಲು ಇಬ್ಬರಿಗೆ ಹೆಚ್ಚು ಕೂಲಿ ಕೊಟ್ಟು ನಿಲ್ಲಿಸಿದೆವು. ಎರಡನೇ ವಾರದಿಂದ ಸೋಮವಾರ 14, 15 ಗ್ರಾಂಗೆ ಇಳಿಯಿತು. ಗುರುವಾರದಷ್ಟು ಆಗಲಿಲ್ಲ. ಕೆಲವು ಭತ್ತ ಹೊಲದಲ್ಲೇ ಇಬ್ಬನಿ ತಿಂದು ಬಂದಿರುತ್ತದೆ, ಅದು ನಮ್ಮ ಕಣದ ಕೈಯಲ್ಲಿಲ್ಲ. ಆಪರೇಟರ್ ಹುಡುಗ ಟಾರ್ಚ್ ಮಾತ್ರ ವಾಪಸ್ ಕೊಡಲಿಲ್ಲ, ಈಗ ಲಾರಿ ಬಂದ ತಕ್ಷಣ ತಾನೇ ನಾಲ್ಕು ಕಾಳು ಸುಲಿದು ನೋಡುತ್ತಾನೆ.