ಸಂಧಿ ನಿಯಮಗಳನ್ನು ಗೆಳತಿಗೆ ಕಲಿಸುತ್ತ ನಾನು ಕಲಿತ ಬಗೆ

ಬಿ.ಇಡಿ. ಮುಗಿಸಿ ಶಿಕ್ಷಕರ ಅರ್ಹತಾ ಪರೀಕ್ಷೆಗೆ ಓದುತ್ತಿದ್ದಾಗ ನಾವು ನಾಲ್ವರು ಗೆಳತಿಯರು ಧಾರವಾಡದ ಸಪ್ತಾಪುರದಲ್ಲಿ ಒಂದೇ ಬಾಡಿಗೆ ಕೋಣೆಯಲ್ಲಿದ್ದೆವು. ಆ ಪರೀಕ್ಷೆಯಲ್ಲಿ ತಲಾ ಒಂದು ಅಂಕದ 150 ಬಹುಆಯ್ಕೆ ಪ್ರಶ್ನೆಗಳಿರುತ್ತವೆ. ಅವುಗಳಲ್ಲಿ 30 ಮೊದಲ ಭಾಷೆಗೆ ಮೀಸಲು. ನಮ್ಮ ಮೊದಲ ಭಾಷೆ ಕನ್ನಡವಾದ್ದರಿಂದ ಸಂಧಿ ಪ್ರಕರಣವನ್ನು ಎಲ್ಲರೂ ಓದಿಕೊಂಡಿದ್ದೆವು. ‘ಮಳೆಗಾಲ’ ಯಾವ ಸಂಧಿ ಎಂದು ಕೇಳಿ ನಾಲ್ಕು ಉತ್ತರಗಳನ್ನು ಮುಂದಿಟ್ಟರೆ ಆದೇಶ ಸಂಧಿ ಎಂದು ಗುರುತಿಸುವುದು ಯಾರಿಗೂ ಕಷ್ಟವಿರಲಿಲ್ಲ, ಏಕೆಂದರೆ ಆ ಉದಾಹರಣೆಯನ್ನು ಎಲ್ಲ ಪುಸ್ತಕಗಳಲ್ಲೂ ಕಂಡಿದ್ದೆವು. ಪುಸ್ತಕದಲ್ಲಿ ಕಾಣದ ಪದ ಎದುರಾದಾಗ ಏನಾಗುತ್ತದೆ ಎಂಬುದು ತಿಳಿಯಬೇಕಾದರೆ ಒಬ್ಬರು ಕಲಿಸಬೇಕು, ಇನ್ನೊಬ್ಬರು ಪ್ರಶ್ನೆ ಕೇಳಬೇಕು ಎಂದು ನಿಶ್ಚಯಿಸಿಕೊಂಡೆವು.

ಕಲಿಸುವವರು ಪುಸ್ತಕವನ್ನು ಮುಚ್ಚಿಡಬೇಕು. ನಿಯಮವನ್ನು ತಮ್ಮ ಮಾತಿನಲ್ಲಿ ಹೇಳಬೇಕು, ಪಠ್ಯದಲ್ಲಿಲ್ಲದ ಪದಗಳನ್ನೇ ಉದಾಹರಣೆಗೆ ಕೊಡಬೇಕು, ಆ ನಿಯಮ ಎಲ್ಲಿ ಅನ್ವಯಿಸುವುದಿಲ್ಲ ಎಂಬುದನ್ನೂ ತಾವೇ ತೋರಿಸಬೇಕು. ಕೇಳುವವರು ಅರ್ಥವಾಯಿತೆಂದು ತಲೆಯಾಡಿಸಿ ಸುಮ್ಮನಾಗುವಂತಿಲ್ಲ. ನಿಯಮಕ್ಕೆ ಒಗ್ಗುವಂತೆ ಕಂಡರೂ ಬೇರೆ ರೂಪ ತಾಳುವ ಒಂದು ಪದವನ್ನಾದರೂ ಹುಡುಕಿ ಮುಂದಿಡಬೇಕು. ನನ್ನ ಅನುಭವದಲ್ಲಿ ಇಡೀ ವಿಧಾನದ ಫಲ ನಿಂತಿರುವುದು ಈ ಕೊನೆಯ ಕರಾರಿನ ಮೇಲೆ.

ನನ್ನ ಪಾಲಿಗೆ ಲೋಪ ಮತ್ತು ಆಗಮ ಸಂಧಿಗಳು ಬಂದಿದ್ದವು. ಸ್ವರದ ಮುಂದೆ ಸ್ವರ ಬಂದಾಗ ಪೂರ್ವಪದದ ಕೊನೆಯ ಸ್ವರ ಬಿಟ್ಟುಹೋದರೆ ಲೋಪ, ಎರಡು ಸ್ವರಗಳ ನಡುವೆ ಯಕಾರವೋ ವಕಾರವೋ ಹೊಸದಾಗಿ ಬಂದರೆ ಆಗಮ ಎಂದು ಹೇಳಿ, ‘ಕಾಡು + ಅಲ್ಲಿ = ಕಾಡಲ್ಲಿ’, ‘ಕರು + ಅನ್ನು = ಕರುವನ್ನು’ ಎಂದು ಕಾಗದದ ಮೇಲೆ ಬರೆದೆ. ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳಾದ ಗೆಳತಿ ಎರಡೂ ಸಾಲುಗಳನ್ನು ನೋಡಿ, “ಅಲ್ಲಾ ಅಕ್ಕಾ, ಕಾಡು ಅಂದ್ರೂ ಉಕಾರನ, ಕರು ಅಂದ್ರೂ ಉಕಾರನ. ಒಂದ್ರಾಗ ಹೋಗ್ತದ, ಇನ್ನೊಂದ್ರಾಗ ಉಳೀತದ. ಯಾಕ?” ಎಂದು ಕೇಳಿದಳು. ನಾನು ಹೇಳಿದ ನಿಯಮದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಆಗುವ ಬದಲಾವಣೆಗೆ ಏನು ಹೆಸರು ಎಂಬುದನ್ನು ಅದು ಹೇಳುತ್ತಿತ್ತೇ ಹೊರತು ಯಾವ ಪದದಲ್ಲಿ ಯಾವುದು ಆಗಬೇಕು ಎಂಬುದನ್ನು ಹೇಳುತ್ತಿರಲಿಲ್ಲ.

ವ್ಯಾಕರಣದ ಪುಸ್ತಕ ತೆರೆದಾಗ ಲೋಪದ ಸೂತ್ರದ ನಡುವೆಯೇ ‘ಅರ್ಥವು ಕೆಡದಿದ್ದರೆ’ ಎಂಬ ಷರತ್ತು ಇತ್ತು. ಓದುವಾಗ ಸರಾಗವಾಗಿ ದಾಟಿಹೋಗುವ ಆ ಎರಡು ಪದಗಳ ಮೇಲೆಯೇ ಲೋಪ ಮತ್ತು ಆಗಮಗಳ ವಿಂಗಡಣೆ ನಿಂತಿದೆ. ‘ಕಾಡನ್ನು’ ಎಂದಾಗ ಉಕಾರ ಹೋದರೂ ಪದ ಯಾವುದೆಂದು ತಿಳಿಯುತ್ತದೆ. ‘ಕರನ್ನು’ ಎಂದರೆ ಕರು ಎಲ್ಲಿಯೂ ಕಾಣುವುದಿಲ್ಲ. ಅವಳಿಗೆ ಇಷ್ಟರಿಂದಲೇ ಸಮಾಧಾನವಾಗಲಿಲ್ಲ. ಒಂದರಲ್ಲಿ ಅರ್ಥ ಕೆಡುವುದೂ ಇನ್ನೊಂದರಲ್ಲಿ ಕೆಡದಿರುವುದೂ ಏತಕ್ಕೆ ಎಂದು ಅವಳು ಪಟ್ಟು ಹಿಡಿದದ್ದರಿಂದ ನಾವು ಪದಗಳನ್ನು ಎರಡು ಸಾಲಾಗಿ ಬರೆಯುತ್ತ ಹೋದೆವು. ಲೋಪದ ಸಾಲಿನಲ್ಲಿ ಊರು, ಮಾತು, ಬೇರು, ಕಣ್ಣು, ಹಣ್ಣು, ನೆರಳು ಬಂದವು. ಆಗಮದ ಸಾಲಿನಲ್ಲಿ ಮಗು, ಕರು, ಹಸು, ಗುರು, ಪಶು, ವಸ್ತು ಬಂದವು. ಮೊದಲ ಸಾಲಿನ ಹೆಚ್ಚಿನ ಪದಗಳು ಹಳಗನ್ನಡದಲ್ಲಿ ಊರ್, ಬೇರ್, ಕಣ್ ಎಂದು ವ್ಯಂಜನದಲ್ಲಿಯೇ ಮುಗಿಯುತ್ತಿದ್ದವು. ಉಕಾರ ಉಚ್ಚಾರಣೆಯ ಅನುಕೂಲಕ್ಕೆ ಅನಂತರ ಸೇರಿಕೊಂಡದ್ದು, ಆದ್ದರಿಂದ ಅದು ಸುಲಭವಾಗಿ ಬಿಟ್ಟುಹೋಗುತ್ತದೆ. ಎರಡನೆಯ ಸಾಲಿನ ಪದಗಳಲ್ಲಿ ಉಕಾರ ಪದದ ಒಡಲಿನಲ್ಲಿಯೇ ಇದೆ. ಇಂಗ್ಲಿಷಿನಿಂದ ಬಂದು ಉಕಾರ ಹಚ್ಚಿಕೊಂಡ ಕಾರು, ಬಸ್ಸುಗಳೂ ‘ಕಾರಲ್ಲಿ’, ‘ಬಸ್ಸಲ್ಲಿ’ ಎಂದು ಮೊದಲ ಸಾಲಿಗೇ ಸೇರಿದಾಗ ಈ ವಿವರಣೆಯ ಮೇಲೆ ನನಗೆ ನಂಬಿಕೆ ಹುಟ್ಟಿತು.

ಆ ಸಾಲುಗಳನ್ನು ನೋಡಿ, ಎರಡೂ ಅಕ್ಷರ ಹ್ರಸ್ವವಾಗಿರುವ ಮಗು, ಕರು, ಹಸುಗಳಂಥ ಪದಗಳಲ್ಲಿ ಉಕಾರ ಉಳಿಯುತ್ತದೆ ಎಂಬ ಗುರುತನ್ನು ಮಾಡಿಕೊಂಡೆವು. ಇನ್ನೊಬ್ಬ ಗೆಳತಿ ಕೂಡಲೇ ‘ನಗು + ಇಸು = ನಗಿಸು’ ಎಂದು ಬರೆದಳು. ಅಲ್ಲಿ ಎರಡೂ ಅಕ್ಷರ ಹ್ರಸ್ವವಾದರೂ ಉಕಾರ ಹೋಗಿತ್ತು. ‘ಬಿಡು’ ಎಂಬುದು ‘ಬಿಡಿಸು’ ಆಗುವುದೂ ಹೀಗೆಯೇ. ಆದರೆ ‘ನಗು’ ನಾಮಪದವಾದಾಗ ನಾವು ‘ನಗುವನ್ನು’ ಎನ್ನುತ್ತೇವೆ. ಹೀಗಾಗಿ ನಮ್ಮ ಗುರುತು ನಾಮಪದಕ್ಕೆ ವಿಭಕ್ತಿ ಪ್ರತ್ಯಯ ಸೇರುವ ಕಡೆಗೆ ಮಾತ್ರ ಎಂದು ಅದರ ಪಕ್ಕದಲ್ಲಿ ಬರೆದುಕೊಂಡೆವು. ಒಬ್ಬಳೇ ಕುಳಿತು ಓದುತ್ತಿದ್ದರೆ ಈ ಮಿತಿ ನನಗೆ ಹೊಳೆಯುತ್ತಿತ್ತೆಂದು ಅನ್ನಿಸುವುದಿಲ್ಲ, ಏಕೆಂದರೆ ತಾನು ಮಾಡಿಕೊಂಡ ನಿಯಮವನ್ನು ಮುರಿಯುವ ಪದವನ್ನು ತಾನೇ ಹುಡುಕುವ ಮನಸ್ಸು ಯಾರಿಗೂ ಸುಲಭವಾಗಿ ಬರುವುದಿಲ್ಲ.

ಆದೇಶ ಸಂಧಿಯನ್ನು ಇನ್ನೊಬ್ಬಳು ಕಲಿಸಿದಾಗ ಹೊರಬಿದ್ದ ಕೊರತೆ ಬೇರೆ ಬಗೆಯದು. ಕಕಾರದ ಜಾಗದಲ್ಲಿ ಗಕಾರ ಬರುತ್ತದೆ ಎಂದು ಅವಳು ಹೇಳುತ್ತಿದ್ದಂತೆ, ಹಾಗಾದರೆ ‘ದಿಗಂತ’ವೂ ಆದೇಶವೇ ಎಂದು ನಾನು ಕೇಳಿದೆ. ಅದು ಜಶ್ತ್ವ ಸಂಧಿ ಎಂಬ ಉತ್ತರ ಅವಳಿಗೆ ಬಾಯಿಪಾಠವಾಗಿತ್ತು. ಹೇಗೆ ಬೇರೆ ಎಂದಾಗ ಒಂದು ಸಂಸ್ಕೃತ, ಇನ್ನೊಂದು ಕನ್ನಡ ಎಂಬಲ್ಲಿಗೆ ಮಾತು ನಿಂತಿತು. ಎರಡನ್ನೂ ಬಿಡಿಸಿ ಬರೆದಾಗ ವ್ಯತ್ಯಾಸ ಕಣ್ಣಿಗೆ ಬಿತ್ತು. ‘ದಿಕ್ + ಅಂತ’ದಲ್ಲಿ ಬದಲಾಗುವ ಕಕಾರ ಪೂರ್ವಪದದ ಕೊನೆಯಲ್ಲಿದೆ, ‘ಮಳೆ + ಕಾಲ’ದಲ್ಲಿ ಅದು ಉತ್ತರಪದದ ಮೊದಲಿನಲ್ಲಿದೆ. ಅಂದಿನಿಂದ ‘ಬದಲಾದ ಅಕ್ಷರ ಯಾವ ಪದದ್ದು?’ ಎಂಬ ಪ್ರಶ್ನೆಯನ್ನು ಕೇಳುವವರು ಪ್ರತಿ ಉದಾಹರಣೆಗೂ ಕೇಳತೊಡಗಿದರು. ಗುಂಪಿಗೆ ಸೇರದ ಪದವನ್ನು ಆರಿಸಿ ಎಂಬಂಥ ಪ್ರಶ್ನೆಗಳಿಗೆ ಇದರಷ್ಟು ಒದಗಿದ್ದು ಬೇರೊಂದಿಲ್ಲ.

ಈ ವಿಧಾನಕ್ಕೂ ಒಂದು ದೊಡ್ಡ ಮಿತಿ ಇದೆ: ಎಲ್ಲರಿಗೂ ಒಂದೇ ತಪ್ಪು ತಿಳಿವಳಿಕೆ ಇದ್ದರೆ ಕಲಿಸುವುದರಿಂದ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ‘ಪ್ರತ್ಯೇಕ’ ಎಂಬ ಪದದಲ್ಲಿ ಯಕಾರ ಕಾಣುತ್ತದೆ, ಆದ್ದರಿಂದ ಯಕಾರಾಗಮ ಎಂದು ಒಬ್ಬಳು ಹೇಳಿದಾಗ ಉಳಿದವರೆಲ್ಲ ಒಪ್ಪಿದ್ದೆವು. ಪಾಠ ಮುಗಿದ ಮೇಲೆ ಪ್ರತಿ ಉದಾಹರಣೆಯನ್ನೂ ಪುಸ್ತಕದೊಂದಿಗೆ ತಾಳೆ ನೋಡುವ ಕಟ್ಟಳೆ ಇದ್ದುದರಿಂದಲೇ ಅದು ಯಣ್ ಸಂಧಿ ಎಂದು ತಿಳಿಯಿತು. ‘ಪ್ರತಿ + ಏಕ’ದಲ್ಲಿ ಇಕಾರ ಹೋಗಿ ಅದರ ಜಾಗದಲ್ಲಿ ಯಕಾರ ಕುಳಿತಿದೆ; ‘ಮನೆ + ಅಲ್ಲಿ = ಮನೆಯಲ್ಲಿ’ ಎಂಬಲ್ಲಿ ಎಕಾರ ಇದ್ದಲ್ಲೇ ಇದ್ದು ಯಕಾರ ಹೆಚ್ಚಾಗಿ ಬಂದಿದೆ. ಹಳೆಯ ಸ್ವರ ಉಳಿದಿದೆಯೇ ಎಂದು ನೋಡಿದರೆ ಎರಡೂ ಬೇರೆಯಾಗುತ್ತವೆ.

ಕಲಿಸುವಾಗ ಮಾತು ತಡೆದ ಜಾಗಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಪ್ರಶ್ನೆಯ ರೂಪದಲ್ಲಿ ಬರೆದಿಡುತ್ತಿದ್ದೆವು, ಉತ್ತರವನ್ನು ಬರೆಯುತ್ತಿರಲಿಲ್ಲ. ಮರುದಿನ ಅದೇ ನಿಯಮವನ್ನು ಹಿಂದಿನ ದಿನ ಕೇಳಿಸಿಕೊಂಡವಳು ಕಲಿಸಬೇಕಾಗಿತ್ತು, ತಡೆದವಳು ಕೇಳುವ ಜಾಗದಲ್ಲಿ ಕುಳಿತು ತನ್ನ ಪ್ರಶ್ನೆಯನ್ನು ತಾನೇ ಕೇಳಬೇಕಾಗಿತ್ತು. ಎರಡನೆಯ ಸಲ ತಡೆಯಿಲ್ಲದೆ, ಹೊಸ ಪದಗಳೊಂದಿಗೆ ಉತ್ತರ ಬಂದ ಪ್ರಶ್ನೆಗೆ ಮಾತ್ರ ಗೆರೆ ಎಳೆಯುತ್ತಿದ್ದೆವು. ಪರೀಕ್ಷೆಗೆ ಮುಂಚಿನ ದಿನ ಸಂಧಿ ಪ್ರಕರಣದಲ್ಲಿ ನಾನು ಓದಿದ್ದು ಗೆರೆ ಬೀಳದ ಆ ಕೆಲವು ಪ್ರಶ್ನೆಗಳನ್ನು ಮಾತ್ರ.