‘ಬರಲೇಬೇಕು’ ಅಂತ ಕರೆದದ್ದು, ಆಮೇಲೆ ‘ಬರ್ತೀರಾ?’ ಅಂತ ಕೇಳಿದ್ದು

ಮೊದಲನೇ ಸಲ ನಾನು ಅವನನ್ನು ಕರೆದದ್ದು ಅಕ್ಕನ ಮದುವೆಗೆ. ಅದಕ್ಕಿಂತ ಕೆಟ್ಟ ಜಾಗ ಹುಡುಕಿದರೂ ಸಿಗುತ್ತಿರಲಿಲ್ಲ ಅಂತ ಈಗ ಅನಿಸುತ್ತದೆ.

ಭಾನುವಾರ ಬೆಳಿಗ್ಗೆ ನಾವು ಆರು ಜನ ಸೇರಿ ಬ್ಯಾಡ್ಮಿಂಟನ್ ಆಡುತ್ತಿದ್ದೆವು. ಅವನು ಆ ಆರರಲ್ಲಿ ಒಬ್ಬ. ಮೂರು ತಿಂಗಳಲ್ಲಿ ನಾವಿಬ್ಬರೇ ಮಾತಾಡಿದ್ದನ್ನೆಲ್ಲ ಕೂಡಿಸಿದರೆ ಅರ್ಧ ಗಂಟೆ ಆಗಬಹುದೇನೋ. ಅಷ್ಟಕ್ಕೇ ನಾನು ಮನಸ್ಸಲ್ಲಿ ಎಲ್ಲಿಗೋ ಹೋಗಿಬಿಟ್ಟಿದ್ದೆ. ಆಟ ಮುಗಿದ ಮೇಲೆ ಉಳಿದವರೆಲ್ಲ ಹೋಗುವವರೆಗೆ ಕಾದು, ಬ್ಯಾಗಿನಿಂದ ಕಾರ್ಡ್ ತೆಗೆದು, ಮೇಲೆ ಅವನ ಹೆಸರು ಬರೆದದ್ದು ಕಾಣುವ ಹಾಗೆ ಹಿಡಿದು, ‘ಖಂಡಿತ ಬರಲೇಬೇಕು’ ಅಂದೆ. ಅವನು ಬಂದ. ಬಾರದೆ ಇರೋಕೆ ನಾನು ದಾರಿಯನ್ನೇ ಬಿಟ್ಟಿರಲಿಲ್ಲವಲ್ಲ.

ಅಲ್ಲಿ ಅವನಿಗೆ ನನ್ನನ್ನು ಬಿಟ್ಟರೆ ಒಬ್ಬರೂ ಗೊತ್ತಿಲ್ಲ. ನಾನೋ ಮದುಮಗಳ ತಂಗಿ, ಒಂದು ಕಡೆ ಎರಡು ನಿಮಿಷ ನಿಲ್ಲೋಕೂ ಆಗುತ್ತಿರಲಿಲ್ಲ. ಆ ಗ್ಯಾಪಲ್ಲಿ ಅತ್ತೆ ಅವನ ಪಕ್ಕ ಕೂತು ಊರು, ಕೆಲಸ, ಮನೇಲಿ ಯಾರ್ಯಾರಿದ್ದಾರೆ ಎಲ್ಲ ವಿಚಾರಿಸಿಕೊಂಡಿದ್ದರು. ಫೋಟೋ ತೆಗೆಯುವಾಗ ಯಾರೋ ಅವನನ್ನು ನನ್ನ ಪಕ್ಕಕ್ಕೇ ತಳ್ಳಿದರು. ಇಪ್ಪತ್ತು ನಿಮಿಷಕ್ಕೆ ಫೋನ್ ಬಂತು ಅಂತ ಹೇಳಿ ಹೊರಟ. ಮುಂದಿನ ಎರಡು ಭಾನುವಾರ ಆಟಕ್ಕೆ ಬರಲಿಲ್ಲ. ಮೂರನೇ ಭಾನುವಾರ ಬಂದ. ಆದರೆ ಆಟ ಮುಗಿದ ತಕ್ಷಣ ಶೂ ಬಿಚ್ಚಿ ಹೊರಟೇಬಿಟ್ಟ.

ಅವನಿಗೆ ನಾನು ಇಷ್ಟವಿಲ್ಲ ಅಂದುಕೊಂಡು ಕೆಲವು ದಿನ ಒದ್ದಾಡಿದೆ. ಆಮೇಲೆ ಯೋಚಿಸಿದಾಗ ಬೇರೆಯೇ ಕಂಡಿತು. ಅವನಿಗೆ ನಾನು ಇಷ್ಟವೋ ಇಲ್ಲವೋ ಅಂತ ಅವನಿಗೇ ಗೊತ್ತಾಗೋಕೆ ಮುಂಚೆ ನಾನು ಅವನನ್ನು ನೂರಾರು ಜನರ ಮುಂದೆ ನಿಲ್ಲಿಸಿದ್ದೆ. ಮನೆ ಫಂಕ್ಷನ್‌ನ ತೊಂದರೆಯೇ ಇದು. ನಾವು ಏನೂ ಹೇಳದಿದ್ದರೂ ನೋಡುವವರು ಹೇಳಿಬಿಡುತ್ತಾರೆ. ಐದಾರು ಜನ ಸ್ನೇಹಿತರ ಜೊತೆ, ಎಲ್ಲರಿಗೂ ಕೊಟ್ಟ ಹಾಗೆಯೇ ಅವನಿಗೂ ಕಾರ್ಡ್ ಕೊಟ್ಟಿದ್ದರೆ ಅವನು ಆ ಗುಂಪಲ್ಲಿ ಒಬ್ಬನಾಗಿ ಬಂದು ಹೋಗುತ್ತಿದ್ದ, ಅತ್ತೆಗೆ ಗುರುತೂ ಸಿಗುತ್ತಿರಲಿಲ್ಲ. ನಾನು ಒಬ್ಬನನ್ನೇ ಕರೆದೆ, ಅದೂ ಕಾದು ನಿಂತು.

ಎರಡನೇ ಸಲ ಕರೆಯೋಕೆ ನಾಲ್ಕು ತಿಂಗಳು ಬೇಕಾಯಿತು. ಈ ಸಲ ಒಂದು ಸಂಗೀತ ಕಾರ್ಯಕ್ರಮ. ಇಬ್ಬರಿಗೂ ಆ ಬ್ಯಾಂಡ್ ಇಷ್ಟ ಅನ್ನೋದು ಆಟದ ನಡುವೆ ಮಾತಿಗೆ ಬಂದಿತ್ತು. ಅಂದರೆ ಕರೆಯೋಕೆ ನನ್ನನ್ನು ಬಿಟ್ಟು ಬೇರೆ ಒಂದು ಕಾರಣ ಇತ್ತು. ಇದು ನನಗೆ ದೊಡ್ಡದಾಗಿ ಕಂಡಿತು. ಮದುವೆಗೆ ಅವನು ಬರೋಕೆ ಇದ್ದ ಕಾರಣ ನಾನೊಬ್ಬಳೇ. ಇಲ್ಲಿ ನಾನು ಇಲ್ಲದಿದ್ದರೂ ಅವನು ಹೋಗಬಹುದಾದ ಜಾಗಕ್ಕೆ ಕರೆಯುತ್ತಿದ್ದೆ.

ಟಿಕೆಟ್ ವಿಷಯದಲ್ಲಿ ನಾನು ಇನ್ನೇನು ತಪ್ಪು ಮಾಡುವುದರಲ್ಲಿದ್ದೆ. ಎರಡು ಟಿಕೆಟ್ ತಗೊಂಡು ‘ಒಂದು ಎಕ್ಸ್‌ಟ್ರಾ ಇದೆ’ ಅನ್ನೋಣ ಅಂತ ಪ್ಲಾನ್ ಹಾಕಿದ್ದೆ. ನನ್ನ ಗೆಳತಿ ಬೈದಳು. ‘ಎಕ್ಸ್‌ಟ್ರಾ ಹೇಗೆ ಬಂತು ಅಂತ ಕೇಳಿದ್ರೆ ಏನ್ ಹೇಳ್ತೀಯ?’ ಅಂದಳು. ನಿಜ, ಒಂದು ಸುಳ್ಳಿಗೆ ಇನ್ನೊಂದು ಬೇಕಾಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ದುಡ್ಡು ಕೊಟ್ಟು ತಗೊಂಡ ಟಿಕೆಟ್ ಕೈಲಿದ್ದರೆ ಅವನು ಬರಲ್ಲ ಅಂದಾಗ ಆ ನಷ್ಟ ಅವನ ತಲೆ ಮೇಲೆ ಕೂರುತ್ತದೆ. ಬಂದರೆ ಋಣ, ಬಾರದಿದ್ದರೆ ತಪ್ಪಿತಸ್ಥ. ಹಾಗಾಗಿ ನನಗೆ ಮತ್ತು ಇಬ್ಬರು ಗೆಳತಿಯರಿಗೆ ಮಾತ್ರ ಬುಕ್ ಮಾಡಿದೆ. ಟಿಕೆಟ್ ಇನ್ನೂ ಸಿಗುತ್ತಿದ್ದವು, ಬೇಕಾದರೆ ಅವನದು ಅವನೇ ತಗೊಳ್ಳಲಿ. ಒಂದು ಗಂಡ ಹೆಂಡತಿ ಜೋಡಿಯ ಜೊತೆ ಹೋಗೋಣ ಅಂತಲೂ ಇತ್ತು, ಅದನ್ನು ಬಿಟ್ಟೆ. ಒಂದು ಜೋಡಿಯ ಪಕ್ಕದಲ್ಲಿ ಇನ್ನಿಬ್ಬರು ನಿಂತರೆ ಅದೂ ಜೋಡಿಯಾಗಿಯೇ ಕಾಣುತ್ತದೆ, ಅಲ್ವಾ.

ಕಾರ್ಯಕ್ರಮ ಶನಿವಾರ. ಮೆಸೇಜ್ ಕಳಿಸಿದ್ದು ಸೋಮವಾರ ಸಂಜೆ. ಒಂದು ತಿಂಗಳ ಮುಂಚೆ ಕೇಳಿದರೆ ಹೂಂ ಅಂದವನು ತಿಂಗಳಿಡೀ ಅದನ್ನು ಹೊತ್ತುಕೊಂಡು ತಿರುಗಬೇಕು. ಅದೇ ದಿನ ಕೇಳಿದರೆ ಬೇರೆ ಯಾರೋ ಕೈಕೊಟ್ಟರು, ಅದಕ್ಕೆ ನನ್ನ ನೆನಪಾಯಿತು ಅನ್ನಿಸುತ್ತದೆ. ಐದು ದಿನ ನನಗೆ ಸರಿ ಅನ್ನಿಸಿತು.

ಆದರೆ ಜಾಸ್ತಿ ಹೊತ್ತು ತಿಂದದ್ದು ಆ ಮೆಸೇಜಿನ ಮಾತುಗಳು. ಮೊದಲು ಬರೆದದ್ದು ಹೀಗಿತ್ತು: ‘ಹಾಯ್, ತಪ್ಪು ತಿಳ್ಕೋಬೇಡಿ, ಸುಮ್ನೆ ಕೇಳ್ತಿದೀನಿ, ಬೇರೆ ಏನೂ ಅಲ್ಲ, ಶನಿವಾರ ನೀವು ಫ್ರೀ ಇದೀರಾ?’ ಓದಿ ನನಗೇ ನಗು ಬಂತು. ‘ಬೇರೆ ಏನೂ ಅಲ್ಲ’ ಅಂದರೆ ಬೇರೆ ಏನೋ ಇದೆ ಅಂತಲೇ ಅರ್ಥ. ‘ಫ್ರೀ ಇದೀರಾ’ ಅನ್ನೋದು ಇನ್ನೂ ಕಷ್ಟ. ಯಾತಕ್ಕೆ ಅಂತ ಗೊತ್ತಾಗೋಕೆ ಮುಂಚೆ ಅವನು ಉತ್ತರ ಕೊಡಬೇಕು, ಫ್ರೀ ಅಂದುಬಿಟ್ಟರೆ ಆಮೇಲೆ ತಪ್ಪಿಸಿಕೊಳ್ಳೋಕೆ ನೆಪ ಇಲ್ಲ.

ಇನ್ನೊಂದು ಪ್ರಶ್ನೆ, ನೀವು ಅನ್ನಲೋ ನೀನು ಅನ್ನಲೋ. ನಾವು ಒಬ್ಬರಿಗೊಬ್ಬರು ನೀವು ಅಂತಲೇ ಮಾತಾಡುತ್ತಿದ್ದೆವು. ಈ ಮೆಸೇಜಲ್ಲಿ ನೀನು ಅಂದರೆ ಹತ್ತಿರ ಆಗಬಹುದು ಅಂತ ಆಸೆಯಾಯಿತು. ಆದರೆ ಕರೆಯುವುದು, ಏಕವಚನಕ್ಕೆ ಇಳಿಯುವುದು, ಎರಡೂ ಒಂದೇ ದಿನ ಬೇಡ ಅನ್ನಿಸಿತು. ಕೊನೆಗೆ ಕಳಿಸಿದ್ದು ಇದು:

‘ಆ ಬ್ಯಾಂಡಿನವರ ಕಾರ್ಯಕ್ರಮ ಶನಿವಾರ ಆರೂವರೆಗೆ ಇದೆ. ನಾನು, ಇಬ್ಬರು ಫ್ರೆಂಡ್ಸ್ ಹೋಗ್ತಿದ್ದೀವಿ. ನಿಮಗೂ ಇಷ್ಟ ಅಂದಿದ್ರಲ್ಲ, ಬರ್ತೀರಾ? ಗುರುವಾರದವರೆಗೂ ಟಿಕೆಟ್ ಸಿಗುತ್ತೆ, ಲಿಂಕ್ ಕೆಳಗಿದೆ. ಆಗದಿದ್ರೆ ಭಾನುವಾರ ಆಟದಲ್ಲಿ ಸಿಗೋಣ.’

ಇದರಲ್ಲಿ ನನಗೆ ಇಷ್ಟವಾದದ್ದು ಕೊನೇ ಸಾಲು. ಅವನು ಬರಲ್ಲ ಅಂದರೂ ಭಾನುವಾರ ಎಂದಿನಂತೆ ಇರುತ್ತದೆ ಅಂತ ಅವನಿಗೆ ಮುಂಚೆಯೇ ಗೊತ್ತಾಗುತ್ತದೆ. ಮತ್ತೆ ‘ಬರ್ತೀರಾ’ ಅನ್ನೋದಕ್ಕೆ ಇಲ್ಲ ಅನ್ನಬಹುದು. ‘ಬರಲೇಬೇಕು’ ಅನ್ನೋದಕ್ಕೆ ಇಲ್ಲ ಅಂದರೆ ಅದು ಅವಮಾನ ಮಾಡಿದ ಹಾಗೆ.

ಎರಡು ಗಂಟೆ ಬಿಟ್ಟು ಉತ್ತರ ಬಂತು. ‘ಶನಿವಾರ ಸ್ವಲ್ಪ ಕೆಲಸ ಇದೆ, ನೋಡ್ತೀನಿ.’

ಈ ‘ನೋಡ್ತೀನಿ’ ಇದೆಯಲ್ಲ, ಇದರ ಅರ್ಥ ಹೇಳುವವರು ಸಿಕ್ಕರೆ ನಾನು ಪಾಠಕ್ಕೆ ಸೇರುತ್ತೇನೆ. ಮುಕ್ಕಾಲು ಪಾಲು ಅದು ಮರ್ಯಾದೆಯ ‘ಇಲ್ಲ’. ಉಳಿದ ಕಾಲು ಪಾಲು ನಿಜವಾಗಿಯೂ ನೋಡುತ್ತಾರೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಅವತ್ತು ನಾನು ‘ಸರಿ’ ಅಂತ ಮಾತ್ರ ಬರೆದು, ಫೋನನ್ನು ಗೆಳತಿಯ ಕೈಗೆ ಕೊಟ್ಟುಬಿಟ್ಟೆ. ಏನು ಕೆಲಸ, ಎಷ್ಟೊತ್ತಿಗೆ ಮುಗಿಯುತ್ತೆ, ಮುಗಿದ ಮೇಲಾದ್ರೂ ಬನ್ನಿ ಅಂತೆಲ್ಲ ಬರೆಯೋಕೆ ಬೆರಳು ತುರಿಸುತ್ತಿತ್ತು. ಬರೆದಿದ್ದರೆ ಅವನು ಆ ಕೆಲಸದ ಲೆಕ್ಕ ಒಪ್ಪಿಸಬೇಕಾಗುತ್ತಿತ್ತು.

ಗುರುವಾರ ಬೆಳಿಗ್ಗೆ ಒಂದೇ ಒಂದು ಸಾಲು ಕಳಿಸಿದೆ, ಟಿಕೆಟ್ ಇವತ್ತಿಗೆ ಮುಗಿಯುತ್ತೆ ಅಂತ. ಅದು ನಿಜವಾದ ಗಡುವು ಆಗಿತ್ತು, ಅದಕ್ಕೇ ಕಳಿಸಿದೆ. ಅದಕ್ಕೂ ಉತ್ತರ ಬರದಿದ್ದರೆ ಮತ್ತೆ ಕೇಳಬಾರದು ಅಂತ ತೀರ್ಮಾನ ಮಾಡಿಕೊಂಡಿದ್ದೆ. ಮಧ್ಯಾಹ್ನ ಟಿಕೆಟ್ಟಿನ ಸ್ಕ್ರೀನ್‌ಶಾಟ್ ಬಂತು. ಜೊತೆಗೆ ‘ನಾನು ಎಂಟೂವರೆಗೆ ಹೊರಡಬೇಕಾಗುತ್ತೆ, ಪರವಾಗಿಲ್ವಾ?’ ಅಂತ.

ಕಾರ್ಯಕ್ರಮ ಒಂಬತ್ತೂವರೆವರೆಗೆ. ಬೇಜಾರಾಯಿತು, ಸುಳ್ಳು ಹೇಳಲ್ಲ. ಆದರೆ ಹೊರಡುವ ಹೊತ್ತು ಮುಂಚೆಯೇ ಹೇಳುವವನು ಅಷ್ಟರವರೆಗೆ ನಿಶ್ಚಿಂತೆಯಾಗಿ ಇರುತ್ತಾನೆ. ಮದುವೆಯಲ್ಲಿ ಅವನಿಗೆ ಫೋನ್ ಕರೆಯ ನೆಪ ಬೇಕಾಗಿತ್ತು, ಇಲ್ಲಿ ಬೇಕಾಗಲಿಲ್ಲ. ‘ಏನೂ ಪರವಾಗಿಲ್ಲ’ ಅಂದೆ. ಕರೆದುಕೊಂಡು ಹೋಗ್ತೀನಿ, ಬಿಡ್ತೀನಿ ಅಂತ ಯಾವುದನ್ನೂ ಹೇಳಲಿಲ್ಲ. ನನ್ನ ಗಾಡಿಯಲ್ಲಿ ಬಂದವನು ನಾನು ಹೊರಟಾಗಲೇ ಹೊರಡಬೇಕಾಗುತ್ತದೆ.

ಗೆಳತಿಯರಿಗೆ ಮೊದಲೇ ಎರಡು ಮಾತು ಹೇಳಿದ್ದೆ. ರೇಗಿಸಬೇಡಿ, ನಮ್ಮಿಬ್ಬರನ್ನೇ ಬಿಟ್ಟು ಮಾಯವಾಗಬೇಡಿ. ಒಬ್ಬಳು ಕೇಳಿದಳು. ಇನ್ನೊಬ್ಬಳು ಎರಡನೇ ಹಾಡಿಗೇ ನನಗೆ ಕಣ್ಣು ಹೊಡೆದು ‘ನೀರು ತರ್ತೀವಿ’ ಅಂತ ಮೊದಲನೆಯವಳನ್ನೂ ಎಳೆದುಕೊಂಡು ಹೋದವಳು ಮುಕ್ಕಾಲು ಗಂಟೆ ಪತ್ತೆಯಿಲ್ಲ. ಅವನಿಗೂ ಅರ್ಥವಾಯಿತು. ಭುಜ ಸ್ವಲ್ಪ ಬಿಗಿಯಾದದ್ದು, ಗೇಟಿನ ಕಡೆ ಒಮ್ಮೆ ನೋಡಿದ್ದು ನನಗೆ ಕಂಡಿತು. ಆಗ ನಾನೇ ಅಂದೆ, ‘ಇವಳಿಗೆ ಹೇಳಿದ್ದೆ ಹೀಗೆ ಮಾಡಬೇಡ ಅಂತ. ಬನ್ನಿ, ಹುಡುಕೋಣ.’ ಅವನು ಜೋರಾಗಿ ನಕ್ಕ. ಹಾಗೆ ಹೇಳಿ ನಾನು ಸಿಕ್ಕಿಬಿದ್ದೆ ಅಂತಲೂ ಅನ್ನಬಹುದು. ಆದರೆ ಹುಡುಕುತ್ತಾ ಜನರ ಮಧ್ಯೆ ಓಡಾಡಿದ ಹತ್ತು ನಿಮಿಷದಲ್ಲೇ ನಾವು ಮೊದಲ ಸಲ ಸರಿಯಾಗಿ ಮಾತಾಡಿದ್ದು. ಅತ್ತೆಯ ಪ್ರಶ್ನೆಗಳ ವಿಷಯವೂ ಬಂತು. ‘ನನ್ನ ಸಂಬಳ ಒಂದು ಬಿಟ್ಟು ಎಲ್ಲ ಕೇಳಿದ್ರು’ ಅಂದ.

ಎಂಟೂವರೆಗೆ ಹೊರಟ. ನಾನು ತಡೆಯಲಿಲ್ಲ. ‘ಇನ್ನೊಂದು ಹಾಡು’ ಅಂತ ಬಾಯಿ ತುದಿಗೆ ಬಂದಿತ್ತು. ಮನೆ ತಲುಪಿದ್ರಾ ಅಂತ ಮೆಸೇಜೂ ಹಾಕಲಿಲ್ಲ. ಭಾನುವಾರ ಆಟಕ್ಕೆ ಬಂದ, ಎಂದಿನಂತೆ. ಆಟ ಮುಗಿದ ಮೇಲೆ ಕೊನೆಗೆ ಯಾವ ಹಾಡು ಹಾಡಿದರು ಅಂತ ಕೇಳಿದ. ಶೂ ಬಿಚ್ಚೋಕೆ ಈ ಸಲ ಅವನಿಗೆ ತುಂಬಾ ಹೊತ್ತು ಹಿಡಿಯಿತು.

ಒಂದು ವಿಷಯ ನನಗೆ ಕೊರೆಯುತ್ತಲೇ ಇತ್ತು. ಗುಂಪು, ಬ್ಯಾಂಡು, ಬ್ಯಾಡ್ಮಿಂಟನ್ ಅಂತ ಮುಂದಿಟ್ಟುಕೊಂಡು ಎಷ್ಟು ಸಲ ಕರೆಯೋದು? ಒಂದೆರಡು ಸಲ ಅದು ಅವನಿಗೆ ಅನುಕೂಲ. ಆಮೇಲೆ ಅದು ನನ್ನ ಅಂಜಿಕೆ, ಅವನನ್ನು ಕತ್ತಲೆಯಲ್ಲಿ ಇಡುವುದೂ ಹೌದು. ಅವನು ಎರಡು ಸಲ ಬರಲ್ಲ ಅಂದು, ಬೇರೆ ದಿನವನ್ನೂ ತಾನಾಗಿ ಹೇಳದಿದ್ದರೆ ನಿಲ್ಲಿಸುವುದು ಅಂತ ಇಟ್ಟುಕೊಂಡಿದ್ದೆ. ಅದು ಬೇಕಾಗಲಿಲ್ಲ. ಮುಂದಿನ ತಿಂಗಳು ಇನ್ನೊಂದು ಕಾರ್ಯಕ್ರಮ ಬಂತು. ಈ ಸಲ ಗೆಳತಿಯರನ್ನು ಬಿಟ್ಟು, ‘ಇದಕ್ಕೆ ನಾವಿಬ್ಬರೇ ಹೋಗೋಣ ಅಂತ ಆಸೆ. ನಿಮಗೆ ಹೇಗನ್ನಿಸುತ್ತೆ, ಹೇಳಿ’ ಅಂತ ಬರೆದೆ.

‘ಎಂಟೂವರೆಗೆ ಹೊರಡಲ್ಲ’ ಅಂತ ಉತ್ತರ ಬಂತು. ‘ಮತ್ತೆ ನೀವು ಅನ್ನೋದು ಬಿಡು.’