ಬಟ್ಟೆ ನೆನೆಸಿಯೇ ಹೊಲಿದರೂ ಹೊಲಿಗೆ ಸುಕ್ಕಾಗುವುದೇಕೆ?

ಕಾಟನ್ ಬಟ್ಟೆಯನ್ನು ಹೊಲಿಯುವ ಮೊದಲು ನೀರಿಗೆ ಹಾಕಿ ಒಣಗಿಸುವ ರೂಢಿ ಮಂಗಳೂರು, ಉಡುಪಿ ಕಡೆ ಹಲವು ಮನೆಗಳಲ್ಲಿದೆ. ಆದರೂ ಹೊಸ ಕುರ್ತಾ ಒಂದು ಒಗೆತ ಕಂಡ ಕೂಡಲೇ ಬದಿಯ ಹೊಲಿಗೆಯುದ್ದಕ್ಕೂ ಸಣ್ಣ ಅಲೆಗಳು ಏಳುತ್ತವೆ. ದೂರು ಬಟ್ಟೆಯ ಮೇಲೆ ಬೀಳುತ್ತದೆ. ಆದರೆ ನೆನೆಸಿದ ಬಟ್ಟೆ ಆಗಲೇ ಬಹುಪಾಲು ಕುಗ್ಗಿರುತ್ತದೆ, ನೆನೆಸದೇ ಉಳಿದದ್ದು ಹೊಲಿಗೆಯ ನೂಲು.

ಹತ್ತಿಯ ನೂಲು ನೀರು ಕುಡಿದಾಗ ಅದರ ಎಳೆಗಳು ಉಬ್ಬುತ್ತವೆ. ನೂಲು ದಪ್ಪವಾದಂತೆ ಅದನ್ನು ಸುತ್ತಿಕೊಂಡಿರುವ ಎಳೆಗಳಿಗೆ ಹೆಚ್ಚು ಉದ್ದ ಬೇಕಾಗುತ್ತದೆ, ಹಾಗಾಗಿ ನೂಲು ಗಿಡ್ಡವಾಗುತ್ತದೆ. 60 ಸೆಂ.ಮೀ. ಉದ್ದದ ಬದಿ ಹೊಲಿಗೆಯನ್ನು ತೆಗೆದುಕೊಳ್ಳಿ. ನೂಲು ಶೇ. 3ರಷ್ಟು ಕುಗ್ಗಿ, ಬಟ್ಟೆ ಶೇ. 1ರಷ್ಟು ಮಾತ್ರ ಕುಗ್ಗಿತು ಎಂದಾದರೆ 1.2 ಸೆಂ.ಮೀ. ಬಟ್ಟೆ ಹೆಚ್ಚಾಗಿ ಉಳಿಯಿತು. ಅದಕ್ಕೆ ಹೋಗಲು ಬೇರೆ ಜಾಗವಿಲ್ಲ, ಅಲೆಯಾಗಿ ಏಳುತ್ತದೆ. ಬಟ್ಟೆಯೇ ನೂಲಿಗಿಂತ ಹೆಚ್ಚು ಕುಗ್ಗಿದರೆ ಹೀಗಾಗುವುದಿಲ್ಲ. ಆಗ ನೂಲು ಸಡಿಲಗೊಂಡು ಹೊಲಿಗೆ ಜೋತುಬೀಳುತ್ತದೆ.

ಪಾಲಿಯೆಸ್ಟರ್ ನೂಲು ನೀರಿಗೆ ಅಷ್ಟಾಗಿ ಕುಗ್ಗುವುದಿಲ್ಲ. ಆದರೆ ಅದು ಎಳೆದರೆ ಹಿಗ್ಗುತ್ತದೆ. ಮಿಷನ್‌ನ ಟೆನ್ಷನ್ ಬಿಗಿಯಾಗಿದ್ದರೆ ಹಿಗ್ಗಿದ ಸ್ಥಿತಿಯಲ್ಲೇ ಹೊಲಿಗೆಯೊಳಗೆ ಕೂರುತ್ತದೆ, ಆಮೇಲೆ ನಿಧಾನವಾಗಿ ಮೊದಲಿನ ಉದ್ದಕ್ಕೆ ಮರಳುತ್ತದೆ. ಒಗೆತ ಮತ್ತು ಬಿಸಿ ಇಸ್ತ್ರಿ ಆ ಮರಳುವಿಕೆಯನ್ನು ಬೇಗ ಮಾಡಿಸುತ್ತವೆ. ಬಾಬಿನ್‌ಗೆ ಅತಿ ವೇಗದಲ್ಲಿ, ಬಿಗಿಯಾಗಿ ನೂಲು ಸುತ್ತಿದರೂ ಇದೇ ತೊಂದರೆ. ಇದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ.

ಕತ್ತರಿ ಹಾಕುವ ಮೊದಲು ನೂಲನ್ನು ಪರೀಕ್ಷಿಸಿ. ಒಂದು ಮೀಟರಿಗಿಂತ ತುಸು ಉದ್ದದ ನೂಲಿಗೆ ಸರಿಯಾಗಿ 100 ಸೆಂ.ಮೀ. ಅಂತರದಲ್ಲಿ ಎರಡು ಗಂಟು ಹಾಕಿ, ಬಿಸಿನೀರಿನಲ್ಲಿ ಹತ್ತು ನಿಮಿಷ ಬಿಟ್ಟು, ಎಳೆಯದೆ ಒಣಗಿಸಿ ಅಳೆಯಿರಿ. ಗಂಟುಗಳ ನಡುವೆ 97 ಉಳಿದರೆ ನೂಲು ಶೇ. 3 ಕುಗ್ಗಿತು. ಮಳೆಗಾಲದಲ್ಲಿ ಒಳಗೆ ತಂತಿಗೆ ಹಾಕಿದ್ದು ಮುಟ್ಟಲು ಒಣಗಿದಂತಿದ್ದರೂ ತೇವ ಉಳಿದಿರುತ್ತದೆ, ಪೂರ್ತಿ ಒಣಗಿದ ಮೇಲೆಯೇ ಅಳತೆ ನಂಬಿ. ಕುಗ್ಗುವ ನೂಲಾದರೆ ಅದನ್ನು ಬಿಟ್ಟು ಪಾಲಿಯೆಸ್ಟರ್ ನೂಲು ಬಳಸುವುದೇ ಸರಿ.

ಇನ್ನು ಮಿಷನ್. ಮೊದಲು ಬಾಬಿನ್ ಕೇಸ್ ಸರಿಮಾಡಿ, ಆಮೇಲೆ ಮೇಲಿನ ಟೆನ್ಷನ್. ಬಾಬಿನ್ ಕೇಸನ್ನು ನೂಲಿನ ತುದಿ ಹಿಡಿದು ತೂಗುಬಿಡಿ. ಸುಮ್ಮನೆ ನಿಲ್ಲಬೇಕು, ಕೈ ಸ್ವಲ್ಪ ಜರ್ಕ್ ಮಾಡಿದರೆ ಒಂದೆರಡು ಇಂಚು ಜಾರಬೇಕು. ಜಾರದಿದ್ದರೆ ಸ್ಕ್ರೂವನ್ನು ಕಾಲು ಸುತ್ತಿಗಿಂತ ಕಡಿಮೆ ಸಡಿಲಿಸಿ. ಆಮೇಲೆ ಮೇಲಿನ ನೂಲನ್ನು ಹೊಲಿಗೆ ಬಿಡದಷ್ಟು ಮಾತ್ರ ಬಿಗಿ ಮಾಡಿ. ಪಾಪ್ಲಿನ್‌ಗೆ 11ನೇ ನಂಬರ್ ಸೂಜಿ, ಹೊಲಿಗೆ ಉದ್ದ 2.5 ಮಿ.ಮೀ. ಸಾಕು.

ಕುರ್ತಾ ಹೊಲಿಯುವ ಮೊದಲು ಅದೇ ಬಟ್ಟೆಯ ಎರಡು ಪಟ್ಟಿಗಳನ್ನು ಹಾಸಿನ ನೂಲಿನ ದಿಕ್ಕಿಗೆ 50 ಸೆಂ.ಮೀ. ಉದ್ದ ಕತ್ತರಿಸಿ ಜೋಡಿಸಿ ಹೊಲಿಯಿರಿ. ಕುರ್ತಾ ಒಗೆಯುವ ರೀತಿಯಲ್ಲೇ ಅದನ್ನೂ ಒಗೆದು ಒಣಗಿಸಿ. ಪಟ್ಟಿ ಮಿಷನ್‌ನಿಂದ ಬರುವಾಗಲೇ ಸುಕ್ಕಾಗಿದ್ದರೆ ಒಗೆತವನ್ನು ದೂರಬೇಡಿ. ಮಿಷನ್‌ನ ಹಲ್ಲು ಕೆಳಗಿನ ಪದರವನ್ನು ಮುಂದೆ ತಳ್ಳುವಾಗ ಮೇಲಿನ ಪದರ ಹಿಂದೆ ಉಳಿದಿರಬಹುದು, ಆಗ ಕೊನೆಯಲ್ಲಿ ಮೇಲಿನ ಪದರ ಹೆಚ್ಚಾಗಿ ಕಾಣುತ್ತದೆ. ಬಟ್ಟೆಯನ್ನು ಒತ್ತಿಹಿಡಿಯುವ ಮಿಷನ್‌ನ ಪಾದದ ಒತ್ತಡ ಕಡಿಮೆ ಮಾಡಿದರೆ ಸರಿಯಾಗುತ್ತದೆ. ಬಿಗಿ ನೇಯ್ಗೆಯ ಬಟ್ಟೆಯಲ್ಲಿ ದಪ್ಪ ನೂಲಿಗೆ ಎಳೆಗಳ ನಡುವೆ ಜಾಗವೇ ಇಲ್ಲದೆಯೂ ಸುಕ್ಕಾಗುತ್ತದೆ. ಅಲ್ಲಿ ತೆಳು ನೂಲು ಮತ್ತು ಸಣ್ಣ ಸೂಜಿ ಬೇಕು.

ಹೊಲಿದಾದ ಕುರ್ತಾದಲ್ಲಿ ಕಾರಣ ಹುಡುಕಬೇಕಾದರೆ ಸುಕ್ಕಾದ ಕಡೆ ಒಂದು ಬೆರಳುದ್ದಕ್ಕೆ ಮೇಲಿನ ನೂಲನ್ನು ಮಾತ್ರ ನಾಲ್ಕೈದು ಹೊಲಿಗೆಗೊಮ್ಮೆ ಕತ್ತರಿಸಿ, ಒದ್ದೆ ಮಾಡಿ ಇಸ್ತ್ರಿ ಹಾಕಿ. ಬಟ್ಟೆ ಚಪ್ಪಟೆಯಾದರೆ ಮೇಲಿನ ನೂಲೇ ಎಳೆಯುತ್ತಿತ್ತು. ಆಗದಿದ್ದರೆ ಬಾಬಿನ್ ನೂಲನ್ನೂ ಹಾಗೆಯೇ ಕತ್ತರಿಸಿ ನೋಡಿ. ಒದ್ದೆಯಲ್ಲಿ ಲಘುವಾಗಿ ಎಳೆದು ಇಸ್ತ್ರಿ ಹಾಕಿದರೆ ಸುಕ್ಕು ಆ ಹೊತ್ತಿಗೆ ಹೋಗುತ್ತದೆ, ಮುಂದಿನ ಒಗೆತಕ್ಕೆ ಮರಳಿ ಬರುತ್ತದೆ. ನೂಲು ಗಿಡ್ಡವಾಗಿರುವಾಗ ಹೊಲಿಗೆ ಬಿಚ್ಚಿ, ಬಟ್ಟೆ ಚಪ್ಪಟೆ ಮಾಡಿ, ಸಡಿಲ ಟೆನ್ಷನ್‌ನಲ್ಲಿ ಕುಗ್ಗದ ನೂಲಿನಿಂದ ಮತ್ತೆ ಹೊಲಿಯಬೇಕು.